ಮರ ಕುಯ್ಯುವ ಮುಂಚಿನ ಎಂಟು ಪ್ರಶ್ನೆ

ಹುಣಸೂರಿನ ಜಬ್ಬಾರ್ ಸಾಬರ ಮರಗೆಲಸದ ಅಂಗಡಿಗೆ ಬರುವ ಗಿರಾಕಿಗಳಿಗೆ ಒಂದು ಮಾತು ಬಾಯಿಪಾಠ: "ನಿಮಗೆ ಗೊತ್ತಿಲ್ಲದ್ದಾ ಸಾಬ್ರೇ?" ಎತ್ತರ ಎಷ್ಟು ಎಂದರೆ ನಿಮಗೆ ಗೊತ್ತಿಲ್ಲದ್ದಾ, ಅಗಲ ಎಷ್ಟು ಎಂದರೆ ನಿಮಗೆ ಗೊತ್ತಿಲ್ಲದ್ದಾ. ಈ ಹೊಗಳಿಕೆ ಕಿವಿಗೆ ಬಿದ್ದರೆ ಜಬ್ಬಾರ್ ಹಿಗ್ಗಿ ಹೀರೇಕಾಯಿಯಾಗುತ್ತಿದ್ದರು. ಅವರ ಹೆಂಡತಿ ಶರೀಫುನ್ನೀಸಾಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು. ನೋಡದ ಮನೆಯ, ಕಾಣದ ಗೋಡೆಯ ಅಳತೆ ಈ ಮನುಷ್ಯನಿಗೆ ಹೇಗೆ ಗೊತ್ತಾಗಬೇಕು, ಇವರೇನು ಫಕೀರರೇ?

ಎಚ್.ಡಿ. ಕೋಟೆಯ ಒಬ್ಬ ಮಹಾನುಭಾವ ಹೀಗೆಯೇ "ನಿಮಗೆ ಗೊತ್ತಲ್ಲ" ಎಂದು ಹೇಳಿ ಮಗನ ಮದುವೆಗೆ ಮಂಚ ಮಾಡಿಸಿಕೊಂಡು ಹೋಗಿದ್ದ. ಮಂಚ ಅಚ್ಚುಕಟ್ಟಾಗಿತ್ತು. ಕೋಣೆಯ ಬಾಗಿಲಲ್ಲಿ ತೂರಲಿಲ್ಲ, ಅಷ್ಟೇ. ಹೊಸ ಜೋಡಿ ಹಜಾರದಲ್ಲಿ ಮಲಗಬೇಕಾಯಿತು, ಬೈಗುಳ ಜಬ್ಬಾರ್ ತಿಂದರು. ಅಂದಿನಿಂದ ಶರೀಫುನ್ನೀಸಾ ಗಿರಾಕಿಗಳ ಮಾತುಕತೆಯನ್ನು ತನ್ನ ಕೈಗೆ ತೆಗೆದುಕೊಂಡಳು. ಏನು ತಿಳಿಯಬೇಕೋ ಅದನ್ನೆಲ್ಲ ನಂಬರ್ ಹಾಕಿ ಮೊಬೈಲಿನಲ್ಲಿ ಬರೆದು ಗಿರಾಕಿಗೆ ಕಳಿಸುವುದು. ಎಲ್ಲಕ್ಕೂ ಉತ್ತರ ಬರುವ ತನಕ ಮರಕ್ಕೆ ಗರಗಸ ಮುಟ್ಟಿಸದಿರುವುದು. ಗಂಡನಿಗೆ ಇದು ಅವಮಾನ ಎನಿಸಿತು. ಗಂಡ ಹೆಂಡತಿ ಮನೆಯಲ್ಲಿ ಉರ್ದು ಮಾತಾಡುತ್ತಿದ್ದರು. ಅಂಗಡಿಯ ವಿಷಯದ ಜಗಳ ಮಾತ್ರ ಅಂಗಡಿಯ ಭಾಷೆಯಲ್ಲೇ ನಡೆಯುತ್ತಿತ್ತು, ಹಾಗಾಗಿ ಪಕ್ಕದ ವೆಲ್ಡಿಂಗ್ ಶಾಪಿನವರಿಗೂ ಪುಕ್ಕಟೆ ಮನರಂಜನೆ.

ದೀಪಾವಳಿ ಕಳೆದ ಮೇಲೆ ಒಂದು ದಿನ ಕಂಪಲಾಪುರದ ಕಡೆಯಿಂದ ಗೂಡ್ಸ್ ಟೆಂಪೋ ಬಂದು ನಿಂತಿತು. ಹಿಂದೆ ಹಲಸಿನ ಮರದ ತುಂಡುಗಳು, ಅವುಗಳ ಮೇಲೆ ಕೈಯಿಟ್ಟುಕೊಂಡು ಕೂತಿದ್ದ ಪುಟ್ಟತಾಯಮ್ಮ. ಟೆಂಪೋ ಹಿಂದೆ ಬಿಳಿ ಕಾರು, ಕಾರಿನಲ್ಲಿ ಬಿಳಿ ಶರ್ಟು, ಶರ್ಟಿನಲ್ಲಿ ಆಕೆಯ ಮಗ ಶಶಿಕುಮಾರ್. ಆರಡಿ ಆಳು. ಯಾವುದೋ ಸಂಘದ ಚುನಾವಣೆಯಲ್ಲಿ ಹೋದ ವರ್ಷ ಗೆದ್ದಿದ್ದ. ಪಿರಿಯಾಪಟ್ಟಣದ ರಸ್ತೆಯಲ್ಲಿ ಅವನದ್ದೊಂದು ಫ್ಲೆಕ್ಸ್ ಇತ್ತು: "ಯಾರಿಗೂ ತಲೆಬಾಗದ ಯುವನಾಯಕ." ಯಾರೂ ಅವನನ್ನು ತಲೆಬಾಗು ಎಂದು ಕೇಳಿದ ದಾಖಲೆ ಇರಲಿಲ್ಲ, ಆದರೂ ಆತ ಬಾಗುತ್ತಿರಲಿಲ್ಲ.

"ಅಕ್ಕಾ, ಹೊಸ ಮನೆಗೆ ಮುಂಬಾಗಿಲು. ಊರೇ ನೋಡ್ಬೇಕು, ಅಂಗಿರ್ಬೇಕು" ಎಂದ. ಚುನಾವಣೆ ಗೆದ್ದ ಮೇಲೆ ಅವನಿಗೆ ತಾಲ್ಲೂಕಿನ ಹೆಂಗಸರೆಲ್ಲ ಅಕ್ಕಂದಿರಾಗಿದ್ದರು.

ಪುಟ್ಟತಾಯಮ್ಮ ಟೆಂಪೋದಿಂದ ಇಳಿದು ಶರೀಫುನ್ನೀಸಾಳ ಕೈ ಹಿಡಿದುಕೊಂಡರು. "ನಾನು ಸೊಸೆಯಾಗಿ ಬಂದ ವರ್ಷ ನೆಟ್ಟಿದ್ದು ಕಣವ್ವಾ ಈ ಮರ. ಮನೆಗೆ ಅಡ್ಡ ಬತ್ತದೆ ಅಂತ ಕಡುದ್ರು. ಇದ್ರದ್ದೇ ಬಾಗ್ಲು, ಇದ್ರದ್ದೇ ಹೊಸ್ತಿಲು ಮಾಡುಸ್ತೀವಿ ಅಂದಿದ್ಕೆ ನಾನು ಹ್ಞೂಂ ಅಂದಿದ್ದು. ಹೊಸ್ತಿಲಿಗೆ ಅರಿಶಿನ ಕುಂಕುಮ ಇಕ್ಕುವಾಗ ನನ್ನ ಮರಕ್ಕೇ ಇಕ್ದಂಗಾಯ್ತದಲ್ವಾ? ನೀವೇ ಮಾಡ್ಬೇಕು. ಹಳೆ ಮನೆ ಬಾಗ್ಲು ನಿಮ್ಮ ಮಾವನೋರು ಮಾಡಿದ್ದು."

ಜಬ್ಬಾರ್ ತುಂಡುಗಳನ್ನು ತಟ್ಟಿ ನೋಡಿದರು. ಬುಡವೆಲ್ಲ ಟೊಳ್ಳಾಗಿತ್ತಂತೆ. ಗಟ್ಟಿ ಮರ ಸಿಕ್ಕಿದ್ದು ಇಷ್ಟೇ: ಚೌಕಟ್ಟಿನ ಎರಡು ನಿಲುವು, ಮೇಲೊಂದು ಅಡ್ಡಪಟ್ಟಿ, ಕೆಳಗೊಂದು ಹೊಸ್ತಿಲು, ಕದಕ್ಕೆ ಹಲಗೆ. ಒಂದು ತುಂಡು ಕೆಟ್ಟರೆ ಬೇರೆ ತುಂಡಿಲ್ಲ.

ಶರೀಫುನ್ನೀಸಾ ಫೋನು ತೆಗೆದಳು. "ಶಶಿಕುಮಾರಪ್ಪಾ, ನಿಮ್ಮ ನಂಬರ್ ಹೇಳಿ. ಎಂಟು ಪ್ರಶ್ನೆ ಕಳುಸ್ತೀನಿ. ಉತ್ತರ ಕೊಟ್ಟ ದಿನ ಕೆಲ್ಸ ಶುರು."

ಅವನ ಫೋನು ಟಿಣ್ ಎಂದಿತು. ತೆರೆದು ಓದಿದ.

"ಮುಂಬಾಗಿಲು, ಕಂಪಲಾಪುರ. ಮರ ಕುಯ್ಯುವ ಮುಂಚೆ ಇವು ಬೇಕು.
1. ಎತ್ತರ ಎಷ್ಟು, ಅಗಲ ಎಷ್ಟು? ಅದು ಚೌಕಟ್ಟಿನ ಒಳಗಿನ ಅಳತೆಯೋ ಹೊರಗಿನದೋ?
2. ಎರಡೂ ಕಡೆ ಗಾರೆ ಸೇರಿ ಗೋಡೆ ದಪ್ಪ ಎಷ್ಟು?
3. ನೆಲಕ್ಕೆ ಏನು ಹಾಸುತ್ತೀರಿ? ಈಗಿನ ಕಾಂಕ್ರೀಟಿನ ಮೇಲೆ ನೆಲ ಎಷ್ಟು ಇಂಚು ಏರುತ್ತದೆ? ಮೇಸ್ತ್ರಿಯನ್ನು ಕೇಳಿ ಹೇಳಿ.
4. ಹೊಸ್ತಿಲು ನೆಲದಿಂದ ಎಷ್ಟು ಇಂಚು ಮೇಲೆ ಕಾಣಬೇಕು?
5. ಕದ ಒಂದೋ ಎರಡೋ?
6. ಕದದ ಕೀಲು ಯಾವ ಕಡೆ? ರಸ್ತೆಯಲ್ಲಿ ನಿಂತು, ಮನೆ ನೋಡಿಕೊಂಡು ಹೇಳಿ.
7. ಮನೆಯಲ್ಲಿ ಎಲ್ಲರಿಗಿಂತ ಎತ್ತರದವರು ಯಾರು? ಎಷ್ಟು ಎತ್ತರ?
8. ಮಾತು ಎರಡಾದರೆ ಕೊನೆ ಮಾತು ಯಾರದು? ಒಂದೇ ಹೆಸರು ಬರೆಯಿರಿ."

ಶಶಿಕುಮಾರ್ ಓದಿ ನಕ್ಕ. "ಏನಕ್ಕಾ ಇದು, ಕೆ.ಎ.ಎಸ್. ಪರೀಕ್ಷೆನಾ? ನಿಮಗೆ ಗೊತ್ತಿಲ್ಲದ್ದಾ?"

"ನಿಮ್ಮ ಮನೆ ನೆಲ ನನಗೆಂಗೆ ಗೊತ್ತಪ್ಪಾ?"

"ಆಯ್ತು ಬುಡಿ, ಕಳುಸ್ತೀನಿ" ಎಂದು ಕಾರು ಹತ್ತಿದ.

ಮರುದಿನ ಉತ್ತರ ಬಂತು. ಹೆಬ್ಬೆರಳು. ಎಂಟು ಪ್ರಶ್ನೆಗೂ ಸೇರಿ ಒಂದೇ ಒಂದು ಹಳದಿ ಹೆಬ್ಬೆರಳು. ಶರೀಫುನ್ನೀಸಾ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಇದು ಎಷ್ಟು ಇಂಚು? ಒಳಗಿನದೋ ಹೊರಗಿನದೋ? ಅವಳು ಪಟ್ಟಿಯನ್ನು ಮತ್ತೆ ಕಳಿಸಿ, ಒಂದೊಂದಕ್ಕೂ ಬೇರೆ ಬೇರೆ ಉತ್ತರ ಬೇಕು ಎಂದು ಬರೆದಳು. ಆಗ ಬಂದದ್ದು ಅವನ ಫೋಟೋ: ಪಾಯ ಮುಗಿದ ಮನೆಯ ಮುಂದೆ ಎದೆಯುಬ್ಬಿಸಿ ನಿಂತಿದ್ದಾನೆ, ಹಿಂದೆ ಎರಡು ಸಿಮೆಂಟ್ ಮೂಟೆ. ಮೂರನೇ ಸಲ ಕಳಿಸಿದಾಗ ಒಂದು ವಾಯ್ಸ್ ಮೆಸೇಜು ಬಂತು. ಅದರಲ್ಲಿ ಮುಕ್ಕಾಲು ಪಾಲು ಅವನು ಇನ್ಯಾರನ್ನೋ ಬೈಯುತ್ತಿದ್ದ. ಕೊನೆಯಲ್ಲಿ "ಕೀಲು ಬಲಗಡೆ ಕಣಕ್ಕಾ" ಎಂದಿದ್ದ.

ಶರೀಫುನ್ನೀಸಾ ಫೋನು ಮಾಡಿದಳು. "ಬಲಗಡೆ ಅಂದ್ರೆ ಯಾರ ಬಲಗಡೆ? ಒಳಗೆ ನಿಂತೋರ್ದೋ, ಹೊರಗೆ ನಿಂತೋರ್ದೋ?"

"ಬಲಗಡೆ ಅಂದ್ರೆ ಬಲಗಡೆ. ಅದ್ರಲ್ಲೇನು ಎರಡು ಥರ?"

"ನೀವು ಹೊರಗಿಂದ ಬರ್ತೀರ, ನಿಮ್ಮಮ್ಮ ಒಳಗಿಂದ ಬಾಗ್ಲು ತೆಗೀತಾರೆ. ನಿಮ್ಮ ಬಲ ಅವ್ರಿಗೆ ಎಡ ಅಲ್ವಾ?"

ಜೀವಮಾನದಲ್ಲಿ ಮೊದಲ ಸಲ ತನ್ನ ಬಲ ಇನ್ನೊಬ್ಬರಿಗೆ ಎಡವಾಗಬಹುದು ಎಂದು ಅವನಿಗೆ ಹೊಳೆದಿರಬೇಕು. ಅದು ಅವನಿಗೆ ಹಿಡಿಸಲಿಲ್ಲ. "ಅಕ್ಕಾ, ಶುಕ್ರವಾರ ಬಾಗ್ಲು ನಿಲ್ಸೋ ಪೂಜೆ. ದೊಡ್ಡೋರೆಲ್ಲ ಬತ್ತಾವ್ರೆ. ಮಾಡಕ್ಕಾಯ್ತದಾ ಇಲ್ವಾ?"

"ಉತ್ತರ ಕೊಡಿ, ಮಾಡ್ತೀನಿ."

ಫೋನು ಕಟ್ಟಾದ ಮೇಲೆ ಒಂದು ಉತ್ತರ ಬಂತು. ಏಳನೆಯದಕ್ಕೆ. ಮನೆಯಲ್ಲಿ ಎಲ್ಲರಿಗಿಂತ ಎತ್ತರದವರು ಯಾರು? "ನಾನೇ." ಎಷ್ಟು ಎತ್ತರ ಎಂಬುದನ್ನು ಬರೆದಿರಲಿಲ್ಲ. ಅವನಿಗೆ ಅಷ್ಟು ಸಾಕಿತ್ತು.

ಜಬ್ಬಾರ್ ತಲೆ ಚಚ್ಚಿಕೊಂಡರು. "ದೊಡ್ಡ ಗಿರಾಕಿ ಕಣೇ. ಮಾಮೂಲಿ ಅಳತೆಗೆ ಕುಯ್ದು ಬುಡೋಣ. ಎಲ್ರಿಗೂ ಒಂದೇ ಅಳತೆ ತಾನೆ ನಾವು ಮಾಡೋದು?"

"ಎಲ್ರ ನೆಲವೂ ಒಂದೇನಾ? ಆಯಮ್ಮನ ಮರ ಕೆಟ್ರೆ ಎಲ್ಲಿಂದ ತಂದ್ಕೊಡ್ತೀರಿ? ನೀವು ನೆಟ್ಟಿದ್ದೀರಾ ಹಲಸು?"

"ನೀನು ಪ್ರಶ್ನೆ ಕೇಳೀ ಕೇಳೀ ಅಂಗಡಿಗೆ ಬೀಗ ಹಾಕುಸ್ತೀಯ."

ಗಿರಾಕಿ ಕೈಬಿಟ್ಟು ಹೋದರೆ ಗಂಡನ ಮೂತಿ ರಂಜಾನ್ ತನಕ ದಪ್ಪಗಿರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಆದರೂ ಮರದ ತುಂಡುಗಳ ಮೇಲೆ ಗೋಣಿ ಹೊದಿಸಿ ಒಳಗೆ ಹೋದಳು.

ಮರುದಿನ ಟೆಂಪೋ ಮತ್ತೆ ಬಂತು. ಈ ಸಲ ಪುಟ್ಟತಾಯಮ್ಮ ಇರಲಿಲ್ಲ. ಶಶಿಕುಮಾರ್ ಕಾರಿನಿಂದ ಇಳಿಯಲೂ ಇಲ್ಲ. ಕೆ.ಆರ್. ನಗರದಲ್ಲಿ ಮರ ಕೆತ್ತುವ ಕಂಪ್ಯೂಟರ್ ಮಷಿನ್ ಇಟ್ಟಿರುವ ಅಂಗಡಿಯೊಂದಿದೆ, ಅಲ್ಲಿ ಯಾರೂ ಏನೂ ಕೇಳುವುದಿಲ್ಲ ಎಂದು ಕಿಟಕಿಯಿಂದಲೇ ಹೇಳಿದ. "'ನೋ ಟೆನ್ಶನ್ ಸಾರ್' ಅಂದ್ರು. ಅದು ಕಣಕ್ಕಾ ಬಿಸ್ನೆಸ್ಸು." ತುಂಡುಗಳು ಟೆಂಪೋ ಹತ್ತಿದವು. ಶರೀಫುನ್ನೀಸಾ ಆ ಹೊಸ್ತಿಲಿನ ತುಂಡನ್ನೇ ನೋಡುತ್ತಾ ನಿಂತಳು.

ಕೆ.ಆರ್. ನಗರದವರು ಮಾತಿಗೆ ತಪ್ಪಲಿಲ್ಲ. ಒಂದೇ ಒಂದು ಪ್ರಶ್ನೆ ಕೇಳಿದರು: "ಡಿಸೈನ್ ಯಾವ್ದು ಸಾರ್?" ನವಿಲು ಎಂದ ಶಶಿಕುಮಾರ್. ಎತ್ತರ ಆರೂವರೆ ಅಡಿ ಎಂದ. ವಾಸ್ತುವಿನ ಆಯ ನೋಡಿದ ಶಾಸ್ತ್ರಿಗಳು ಅದನ್ನೇ ಹೇಳಿದ್ದರು. ಶಾಸ್ತ್ರಿಗಳು ಹೇಳಿದ್ದು ಒಳಗಿನ ಅಳತೆ, ಅಂಗಡಿಯವನು ಕುಯ್ದದ್ದು ಹೊರಗಿನ ಅಳತೆ. ಇಬ್ಬರ ನಡುವೆ ನಿಂತಿದ್ದವನಿಗೆ ಎರಡೂ ಆರೂವರೆ ಅಡಿಯೇ.

ಶುಕ್ರವಾರ ಕಾಂಕ್ರೀಟಿನ ಮೇಲೆ ಚೌಕಟ್ಟು ನಿಂತಿತು. ಮಾವಿನ ಎಲೆ, ಹೂವು, ದೊಡ್ಡವರು, ಫೋಟೋ. ಮೇಸ್ತ್ರಿ ಮಾದೇಶ್ ಸುತ್ತ ಗೋಡೆ ಎಬ್ಬಿಸಿದ, ಚೌಕಟ್ಟಿನ ತಲೆಗೆ ಸರಿಯಾಗಿ ಕಾಂಕ್ರೀಟಿನ ಲಿಂಟಲ್ ತೊಲೆ ಹಾಕಿದ, ಅದರ ಮೇಲೆ ಮಹಡಿ ಎದ್ದಿತು. ನವಿಲಿನ ಕದ ಬಂದು ಕೂತಿತು. ಫೋಟೋಗಳೆಲ್ಲ ಶರೀಫುನ್ನೀಸಾಳ ಫೋನಿಗೂ ತಪ್ಪದೆ ಬರುತ್ತಿದ್ದವು. ಪ್ರಶ್ನೆಗೆ ಉತ್ತರ ಕಳಿಸಲು ಬಿಡುವಿಲ್ಲದವನಿಗೆ ಹೊಟ್ಟೆ ಉರಿಸಲು ಬಿಡುವಿತ್ತು. ಅವಳು ಪ್ರತಿ ಫೋಟೋದಲ್ಲೂ ನೋಡುತ್ತಿದ್ದದ್ದು ಕೆಳಗಿನ ಹೊಸ್ತಿಲನ್ನು. ಹೊಸ್ತಿಲಿನ ಎತ್ತರ ನಾಲ್ಕು ಇಂಚು ಇದ್ದೀತು. ನೆಲ ಇನ್ನೂ ಕಾಂಕ್ರೀಟೇ. "ಇನ್ನು ನೆಲ ಬತ್ತದೆ, ಆಗ ನೋಡಿ" ಎಂದು ಗಂಡನಿಗೆ ಹೇಳಿದಳು. ಜಬ್ಬಾರ್ ಕಿವುಡರಾದರು.

ಯುಗಾದಿ ಮುಗಿದ ವಾರ ಶಶಿಕುಮಾರನ ಕಾರು ಅಂಗಡಿ ಮುಂದೆ ನಿಂತಿತು. ಈ ಸಲ ಇಳಿದ. ಹಣೆಯ ಮೇಲೆ ಬ್ಯಾಂಡೇಜಿತ್ತು. ಹಿಂದೆಯೇ ಪುಟ್ಟತಾಯಮ್ಮ ಇಳಿದರು. ಅವರ ಮುಖ ನೋಡಿಯೇ ಶರೀಫುನ್ನೀಸಾಗೆ ವಿಷಯ ಅರ್ಥವಾಯಿತು.

"ನನ್ನ ಹೊಸ್ತಿಲು ಮುಳುಗೋಯ್ತು ಕಣವ್ವಾ" ಎಂದರು ಪುಟ್ಟತಾಯಮ್ಮ.

ಗ್ರಾನೈಟ್ ಹಾಸಿದ್ದರು. ಕಾಂಕ್ರೀಟಿನ ಮೇಲೆ ಗಾರೆ, ಗಾರೆಯ ಮೇಲೆ ಕಲ್ಲು, ಸೇರಿ ನಾಲ್ಕು ಇಂಚು. ಹೊಸ್ತಿಲೂ ನಾಲ್ಕು ಇಂಚು. ಕಪ್ಪು ಕಲ್ಲಿನ ನಡುವೆ ಹಲಸಿನ ಮರ ಒಂದು ಹಳದಿ ಗೀಟಾಗಿ ಉಳಿದಿತ್ತು. ಬಂದವರೆಲ್ಲ ಅದನ್ನು ತುಳಿದುಕೊಂಡೇ ಹೋಗುತ್ತಿದ್ದರು. ಕದ ನೆಲಕ್ಕೆ ಉಜ್ಜಿ ಹಂದಿಯಂತೆ ಕಿರುಚುತ್ತಿತ್ತು. ಮೊದಲೇ ಗಿಡ್ಡವಾಗಿದ್ದ ಬಾಗಿಲು ನೆಲ ಏರಿದ ಮೇಲೆ ಐದು ಅಡಿ ಹತ್ತು ಇಂಚಿಗೆ ಇಳಿದಿತ್ತು. ಆರಡಿಯ ಯುವನಾಯಕ ಮೊದಲ ದಿನವೇ ಫೋನಿನಲ್ಲಿ ಯಾರಿಗೋ ಧೈರ್ಯ ಹೇಳುತ್ತಾ ಒಳಗೆ ನುಗ್ಗಿ, ಮೇಲಿನ ಪಟ್ಟಿಗೆ ಹಣೆ ಕೊಟ್ಟಿದ್ದ.

"ಜನ ತುಳ್ಯೋ ಹೊಸ್ತಿಲಿಗೆ ಅರಿಶಿನ ಇಕ್ಕಲಾ ನಾನು? ಇದು ಸರಿಯಾಗೋಗಂಟ ಗೃಹಪ್ರವೇಶಕ್ಕೆ ಬರಲ್ಲ ಅಂದ್ಬುಟ್ಟಿವ್ನಿ" ಎಂದರು ಪುಟ್ಟತಾಯಮ್ಮ. ಕಣ್ಣಲ್ಲಿ ನೀರಿತ್ತು. ಆ ಮರವನ್ನು ತಾನೇ ಉಳಿಸಿಕೊಳ್ಳಬಹುದಿತ್ತು, ಟೆಂಪೋ ಹತ್ತಲು ಬಿಡಬಾರದಿತ್ತು ಎಂದು ಶರೀಫುನ್ನೀಸಾಗೆ ಅನಿಸಿತು. ಆಮೇಲೆ ಶಶಿಕುಮಾರನ ಕಡೆ ತಿರುಗಿದಳು.

"ಕೆ.ಆರ್. ನಗರದೋರು ಏನಂದ್ರಪ್ಪಾ?"

"'ನೀವು ಹೇಳ್ಲಿಲ್ವಲ್ಲ ಸಾರ್' ಅಂದ್ರು" ಎಂದ ಅವನು ನೆಲ ನೋಡುತ್ತಾ. "ಅಕ್ಕಾ, ನೀವೇ ಏನಾದ್ರೂ ಮಾಡಿ. ಬರೋ ಬುಧವಾರ ಗೃಹಪ್ರವೇಶ. ನಿಮಗೆ ಗೊತ್ತಿಲ್ಲ..."

ಮಾತನ್ನು ಅಲ್ಲಿಗೇ ನುಂಗಿಕೊಂಡ. ಶರೀಫುನ್ನೀಸಾ ಮುಕ್ಕಾಲಿ ತೋರಿಸಿದಳು, ಫೋನು ತೆಗೆದಳು. "ಕೂತ್ಕಳಿ. ಒಂದನೇ ಪ್ರಶ್ನೆ."

"ಅಯ್ಯೋ, ಅದು ಈಗ್ಯಾಕಕ್ಕಾ!"

"ಕೆಲ್ಸ ಶುರು ಮಾಡಕ್ಕೆ ಕಣಪ್ಪಾ. ಎತ್ತರ, ಅಗಲ, ಒಳಗಿಂದು ಬೇರೆ, ಹೊರಗಿಂದು ಬೇರೆ."

ನಾಯಕ ಕೂತ. ಒಂದೊಂದು ಪ್ರಶ್ನೆಗೂ ಒಬ್ಬೊಬ್ಬರಿಗೆ ಫೋನು ಮಾಡಬೇಕಾಯಿತು. ಅಳತೆಗೆ ಹೆಂಡತಿ ಸೌಂದರ್ಯ ಟೇಪು ಹಿಡಿದು ಬಾಗಿಲಿಗೆ ಓಡಿದಳು, "ಇದುನ್ನ ಆವತ್ತೇ ನನ್ನ ಕೇಳಿದ್ರೆ ಆಯ್ತಿರ್ನಿಲ್ವಾ?" ಎಂದು ಸ್ಪೀಕರಿನಲ್ಲಿ ಅಂಗಡಿಗೆಲ್ಲ ಕೇಳಿಸುವಂತೆ ಸಿಡುಕಿದಳು. ಗೋಡೆ ದಪ್ಪಕ್ಕೂ ನೆಲದ ಮಟ್ಟಕ್ಕೂ ಮಾದೇಶನಿಗೆ ಫೋನು.

"ನೆಲ ನಾಲ್ಕಿಂಚು ಏರ್ತದೆ ಅಂತ ನಿಂಗೆ ಮೊದ್ಲೇ ಗೊತ್ತಿತ್ತೇನ್ಲಾ?" ಎಂದು ಶಶಿಕುಮಾರ್ ಅಬ್ಬರಿಸಿದ.

"ಗೊತ್ತಿತ್ತು ಸಾರ್."

"ಮತ್ತೆ ಬಾಯಿ ಬುಡಕ್ಕೇನಾಗಿತ್ತು?"

"ಯಾರು ಕೇಳುದ್ರು ಸಾರ್? ಕೇಳಿದ್ರೆ ಹೇಳ್ತಿದ್ದೆ."

ವೆಲ್ಡಿಂಗ್ ಶಾಪಿನ ಕಡೆಯಿಂದ ಯಾರೋ ಕಿಸಕ್ಕೆಂದರು. ಜಬ್ಬಾರ್ ಉಳಿ ಮಸೆಯುವ ಕಲ್ಲಿನ ಮೇಲೆ ತುಂಬಾ ಗಮನ ಇಟ್ಟರು. ಕೇಳಿದ್ದರೆ ಹೇಳುತ್ತಿದ್ದೆ ಎನ್ನುವ ಮೇಸ್ತ್ರಿ, ಹೇಳಿದ್ದರೆ ಮಾಡುತ್ತಿದ್ದೆ ಎನ್ನುವ ಮಷಿನ್‌ನವನು, ಎಲ್ಲ ಗೊತ್ತು ಎನ್ನುವ ಯಜಮಾನ: ಇಷ್ಟು ಜನ ಸೇರಿದರೆ ಎಂಥ ಮರವನ್ನು ಬೇಕಾದರೂ ಹೂಳಬಹುದು.

ಏಳು ಉತ್ತರ ಬಂದ ಮೇಲೆ ಜಬ್ಬಾರ್ ಎದ್ದು ಬಂದರು. ಈಗ ಮಾತು ಅವರದು. "ಚೌಕಟ್ಟು ಪೂರ್ತಿ ಬಿಚ್ಚಬೇಕು. ಹೊಸ್ತಿಲು ಕಿತ್ತು ನೆಲದ ಮೇಲಕ್ಕೆ ತರ್ಬೋದು. ಅದಕ್ಕೆ ನಿಲುವು ಎರಡನ್ನೂ ಕೆಳಗೆ ನಾಲ್ಕಿಂಚು ಕುಯ್ದು ಹೊಸದಾಗಿ ಕೂರುಸ್ಬೇಕು. ಹಳೇ ಜಾಗಕ್ಕೆ ಕಲ್ಲು ತುಂಬುಸ್ಕೊಳ್ಳಿ. ಕದವೂ ಕೆಳಗಡೆ ಅಷ್ಟೇ ಕುಯ್ಬೇಕು."

"ನವಿಲು?"

"ನವಿಲಿನ ಕಾಲು ಹೋಯ್ತದೆ."

"ಮತ್ತೆ ನನ್ನ ತಲೆ?" ಎಂದ ಶಶಿಕುಮಾರ್ ಬ್ಯಾಂಡೇಜು ಮುಟ್ಟಿಕೊಂಡು. "ಮೇಲಕ್ಕೆ ಎತ್ತಕ್ಕಾಗಲ್ವಾ?"

"ಮೇಲೆ ಲಿಂಟಲ್ಲು, ಅದ್ರ ಮೇಲೆ ಮಹಡಿ. ಒಡುದ್ರೆ ಎತ್ತಬೋದು. ಉದ್ದ ಮಾಡಕ್ಕೆ ಈ ಮರ ಇಲ್ಲ, ನಿಲುವಿಗೆ ಬೇರೆ ಮರ ತರ್ಬೇಕು. ಇಲ್ಲ ಅಂದ್ರೆ ಮನೆ ನೆಲ ಎಲ್ಲಾ ಅಗೀಬೇಕು."

ಅವನು ಲೆಕ್ಕ ಹಾಕಿದ. ಹೊಸ್ತಿಲು ಹೆಂಗಿದ್ದರೂ ಹೊಂದಿಕೊಳ್ಳಬಹುದು, ಅಮ್ಮನನ್ನು ಸಮಾಧಾನ ಮಾಡಬಹುದು. ತನ್ನ ತಲೆಯದ್ದು ಹಾಗಲ್ಲ. "ಸಾಬ್ರೇ, ಅಂಗಾರೆ ಈ ಚೌಕಟ್ಟೇ ಬ್ಯಾಡ. ಪೂರ್ತಿ ಕಿತ್ತಾಕಿ, ಲಿಂಟಲ್ ಒಡ್ದು, ತೇಗದ್ದು ಎತ್ತರಕ್ಕೆ ಹೊಸದು ಮಾಡುಸ್ಬುಡೋಣ. ಹಲಸಿಂದು ಅಮ್ಮನ ದೇವರ ಕೋಣೆಗೆ ಪೀಠ ಗೀಠ ಮಾಡ್ಕೊಡಿ."

ಪುಟ್ಟತಾಯಮ್ಮ ಸೆರಗಿನ ಚುಂಗು ಹಿಡಿದು ಹೊಸೆಯುತ್ತಾ ಕೂತರು. ಮರವನ್ನು ಕಡಿಯುವಾಗಲೂ ಹೀಗೇ ಕೂತಿದ್ದಿರಬೇಕು ಎಂದು ಶರೀಫುನ್ನೀಸಾಗೆ ಅನಿಸಿತು. ಅವಳು ಫೋನನ್ನು ಮತ್ತೆ ಎತ್ತಿಕೊಂಡಳು.

"ಎಂಟನೇದು ಬಾಕಿ ಐತಲ್ಲಪ್ಪಾ. ಮಾತು ಎರಡಾದರೆ ಕೊನೆ ಮಾತು ಯಾರದು?"

"ಯಾರ್ದು ಅಂದ್ರೆ? ಮನೆ ನಂದು, ನಂದೇ."

"ಮನೆ ನಿಮ್ದು. ಮರ ಯಾರ್ದು?"

ಪುಟ್ಟತಾಯಮ್ಮ ಸೆರಗು ಬಿಟ್ಟು ತಲೆಯೆತ್ತಿದರು. ಅವರನ್ನು ಈ ಮನೆ ವಿಷಯದಲ್ಲಿ ಇದುವರೆಗೆ ಯಾರೂ ಏನೂ ಕೇಳಿರಲಿಲ್ಲ. ಅವರಿಂದ ಹ್ಞೂಂ ಅನ್ನಿಸಿಕೊಂಡಿದ್ದರು, ಅಷ್ಟೇ.

"ನನ್ನೆಸ್ರು ಬರ್ಕೋ ಶರೀಫವ್ವಾ" ಎಂದರು. "ಪುಟ್ಟತಾಯಮ್ಮ ಅಂತ. ಹೊಸ್ತಿಲು ಮೇಲಕ್ಕೆ ಬರ್ಲಿ. ಅದೇ ಮರ, ಅದೇ ಬಾಗ್ಲು. ಮೇಲ್ಗಡೆ ಎಂಗದೆಯೋ ಅಂಗೇ ಇರ್ಲಿ."

"ಅವ್ವಾ, ನನ್ನ ತಲೆ!"

"ಬಗ್ಗು ಕಣ್ಲಾ. ನಿಮ್ಮಪ್ಪ ಹಳೆ ಮನೆ ಬಾಗ್ಲಲ್ಲಿ ಬಗ್ಗಿ ಬತ್ತಿರ್ನಿಲ್ವಾ? ಸೊಂಟ ಮುರಿದೋಗಿತ್ತಾ?"

ಶರೀಫುನ್ನೀಸಾ ಬರೆದುಕೊಂಡಳು. ಬರೆದುದನ್ನೆಲ್ಲ ಅವನ ಫೋನಿಗೇ ಕಳಿಸಿ, "ಓದ್ಕೊಂಡು ಸರಿ ಅಂತ ಬರೀರಿ. ಹೆಬ್ಬೆರಳು ಬೇಡ" ಎಂದಳು. ಅವನು ಅಕ್ಷರ ಅಕ್ಷರ ಒತ್ತಿ ಬರೆದ: ಸರಿ. ಆಗ ಜಬ್ಬಾರ್ ಗರಗಸ ಎತ್ತಿಕೊಂಡರು.

ಗೃಹಪ್ರವೇಶದ ದಿನ ಗಂಡ ಹೆಂಡತಿ ಇಬ್ಬರೂ ಹೋಗಿದ್ದರು. ಹೊಸ್ತಿಲು ನೆಲದಿಂದ ನಾಲ್ಕು ಇಂಚು ಮೇಲೆದ್ದು, ಅರಿಶಿನ ಬಳಿಸಿಕೊಂಡು, ಕುಂಕುಮದ ಬೊಟ್ಟಿಟ್ಟುಕೊಂಡು ಕೂತಿತ್ತು. ಕದದ ಮೇಲೆ ಕಾಲಿಲ್ಲದ ನವಿಲು ಹೊಟ್ಟೆಯ ಮೇಲೆ ಕೂತು ಗರಿ ಬಿಚ್ಚಿತ್ತು; ಮಕ್ಕಳು ಅದು ಮೊಟ್ಟೆಗೆ ಕೂತಿದೆ ಎಂದು ತೀರ್ಮಾನಿಸಿದ್ದರು. ಪುಟ್ಟತಾಯಮ್ಮ ಬಲಗಾಲಿಟ್ಟು, ನೆಟ್ಟಗೆ, ಸೆರಗೂ ತಾಗದಂತೆ ಒಳಗೆ ನಡೆದರು.

ಅಷ್ಟರಲ್ಲಿ ದೊಡ್ಡವರ ಕಾರುಗಳು ಬಂದವು. ಶಶಿಕುಮಾರ್ ಸ್ವಾಗತಿಸಲು ಹೊರಗೆ ಬಂದ: ಕಾಲೆತ್ತಿ ಹೊಸ್ತಿಲು ದಾಟಿದ, ಕುತ್ತಿಗೆ ಬಗ್ಗಿಸಿ ಪಟ್ಟಿ ತಪ್ಪಿಸಿದ. ಒಬ್ಬರನ್ನು ಒಳಗೆ ಕರೆದೊಯ್ದ, ಮತ್ತೆ ಬಗ್ಗಿದ. ಇನ್ನೊಬ್ಬರಿಗೆ ಹೊರಗೆ ಬಂದ, ಮತ್ತೆ ಬಗ್ಗಿದ. ಬಾಗಿಲಲ್ಲಿ ಬಂದು ಹೋಗುವ ಬಡವ ಬಲ್ಲಿದರಿಗೆಲ್ಲ ಅವನ ತಲೆ ತಗ್ಗಿತು. "ಗೆದ್ಮೇಲೂ ಎಷ್ಟು ವಿನಯ ನೋಡ್ಲಾ" ಎಂದು ಊಟದ ಸಾಲಿನಲ್ಲಿ ಒಬ್ಬ ಇನ್ನೊಬ್ಬನಿಗೆ ಹೇಳುತ್ತಿದ್ದ.

ಪುಟ್ಟತಾಯಮ್ಮ ಶರೀಫುನ್ನೀಸಾಳ ಮಡಿಲಿಗೆ ಬಾಳೆಹಣ್ಣು ಹಾಕುತ್ತಾ ಬಾಗಿಲ ಕಡೆ ನೋಡಿದರು. ಮಗ ಅವಸರದಲ್ಲಿ ಮರೆತು ನೆಟ್ಟಗೆ ನುಗ್ಗಿದ. ಟಕ್ ಎಂದಿತು.

"ಕಡ್ಯೋವಾಗ ಒಂದು ಮಾತು ಕೇಳ್ನಿಲ್ಲ ಕಣವ್ವಾ ಅವ್ನು, ನನ್ನನ್ನೂ, ಮರವನ್ನೂ" ಎಂದರು. "ಈಗ ಆ ಮರವೇ ದಿನಾ ಅವ್ನ ತಲೆ ತಟ್ಟಿ ಕೇಳ್ತದೆ."